ಸಂಪು, ಟ್ಯಾಂಕು ಖಾಲಿ ಮಾಡಿದರೆ ಸಾಲದು, ಗೋಡೆ ಉಜ್ಜಬೇಕು

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ನಲ್ಲಿ ನೀರು ದಿನಾ ಬರಲ್ಲ, ಸಂಪು ತುಂಬಿಸಿಡಲೇಬೇಕು. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಇಂಥ ನಿಂತ ನೀರೇ ಇಷ್ಟ.

ಈ ಸೊಳ್ಳೆ ನೀರಿನ ಅಂಚಿಗಿಂತ ಸ್ವಲ್ಪ ಮೇಲೆ, ಒದ್ದೆ ಗೋಡೆಗೆ ಮೊಟ್ಟೆ ಅಂಟಿಸುತ್ತದೆ. ನೀರು ಖಾಲಿಯಾದರೂ ಅವು ತಿಂಗಳುಗಟ್ಟಲೆ ಒಣಗಿಯೇ ಬದುಕಿರುತ್ತವೆ. ಮತ್ತೆ ನೀರು ತಾಗಿದರೆ ಮರಿಯಾಗಿ, ಬೇಸಿಗೆಯಲ್ಲಿ 8-10 ದಿನದಲ್ಲಿ ಸೊಳ್ಳೆಯಾಗಿ ಹಾರುತ್ತವೆ. ಸುಮ್ನೆ ತೊಳೆದು ಬಿಟ್ಟರೆ ಉಪಯೋಗವಿಲ್ಲ ಅಲ್ವಾ?

ಹಾಗಾಗಿ ನೀರು ಬರುವ ಹಿಂದಿನ ದಿನ, ಮಟ್ಟ ತಗ್ಗಿದಾಗ, ಪಾಚಿಗೆರೆ ಇರುವ ಕಡೆ ಗಟ್ಟಿ ಬ್ರಷ್‌ನಿಂದ ಜೋರಾಗಿ ಉಜ್ಜಿ. ಮೂಲೆ, ಮುಚ್ಚಳದ ಒಳಬದಿ ಬಿಡಬೇಡಿ. ಉಜ್ಜಿ ತೊಳೆದ ನೀರನ್ನು ಚರಂಡಿಗಲ್ಲ, ಒಣ ನೆಲಕ್ಕೆ ಚೆಲ್ಲಿ. ಸಂಪಿಗೆ ಒಬ್ಬರೇ ಇಳಿಯಬೇಡಿ. ಮುಚ್ಚಳ ತೆಗೆದು ಗಾಳಿ ಆಡಲು ಬಿಡಿ, ಮೇಲೆ ಒಬ್ಬರು ನಿಂತಿರಲಿ. ಒಳಗೆ ತಲೆ ಸುತ್ತಿದರೆ ತಕ್ಷಣ ಹೊರಬನ್ನಿ.

ಆಮೇಲೆ ವಾರಕ್ಕೊಮ್ಮೆ ಟಾರ್ಚ್ ಹಾಕಿ ನೋಡಿ. ಬೆಳಕು ಬಿದ್ದಾಗ ಕೊಂಕುತ್ತಾ ಕೆಳಕ್ಕೆ ಹೋಗುವ ಸಣ್ಣ ಹುಳು ಕಂಡರೆ ಮತ್ತೆ ಉಜ್ಜಬೇಕು. ಸಂಪಿನ ಮುಚ್ಚಳದ ಸಂದಿಗೆ ರಬ್ಬರ್ ಪಟ್ಟಿ ಹಾಕಿ. ಟ್ಯಾಂಕಿನ ಓವರ್‌ಫ್ಲೋ ಪೈಪಿನ ಬಾಯಿಗೆ ಸೊಳ್ಳೆ ಜಾಲರಿ ಕಟ್ಟಿ. ಜಾಸ್ತಿ ಮನೆಗಳಲ್ಲಿ ಆ ಪೈಪೇ ತೆರೆದಿರುತ್ತದೆ.