ತಿಂಗಳಿಗೆ ಒಂದು ಸೋಮವಾರ ಕೊಡಿಸಿ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ಇದು ನನ್ನ ನಾಲ್ಕನೇ ಪತ್ರ. ಮೊದಲ ಮೂರಕ್ಕೆ ಉತ್ತರ ಬರಲಿಲ್ಲ. ನಾನು ಕೇಳಿದ್ದು ಇಷ್ಟೇ: ನಮ್ಮೂರ ಸಂಗ್ರಹಾಲಯಕ್ಕೆ ಸೋಮವಾರ ರಜೆ. ತಿಂಗಳಲ್ಲಿ ಒಂದು ಸೋಮವಾರ ಬೆಳಿಗ್ಗೆ ಒಂದೂವರೆ ಗಂಟೆ, ಮರೆವಿನ ಕಾಯಿಲೆಯ ಹಿರಿಯರಿಗೂ ಅವರ ಮನೆಯವರಿಗೂ ಚಿತ್ರಗಳ ಕೋಣೆ ತೆರೆಸಿಕೊಡಿ.

ಅಮ್ಮನಿಗೆ 78. ಕೆಲವು ದಿನ ನನ್ನ ಹೆಸರೂ ನೆನಪಿರುವುದಿಲ್ಲ. ಕಳೆದ ದಸರಾ ರಜೆಯಲ್ಲಿ ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ರವಿವರ್ಮನ ಸರಸ್ವತಿಯ ಹಳೇ ಅಚ್ಚುಚಿತ್ರದ ಮುಂದೆ ನಿಂತುಬಿಟ್ಟರು. ರವಿವರ್ಮ 1894ರಲ್ಲಿ ಅಚ್ಚುಕೂಟ ಶುರು ಮಾಡಿದ ಮೇಲೆ ಈ ಚಿತ್ರಗಳು ಎಷ್ಟೋ ಮನೆಗಳ ಗೋಡೆಗೆ ಬಂದವು. ಅಮ್ಮನ ತವರಿನಲ್ಲೂ ಇತ್ತು.

"ಏನಮ್ಮ ಕಾಣ್ತಿದೆ?" ಅಂದೆ. ತುಂಬಾ ಹೊತ್ತು ಸುಮ್ಮನಿದ್ದು "ವೀಣೆ" ಅಂದರು. "ಹೌದು, ವೀಣೆ" ಅಂದೆ. "ಇದರ ಮುಂದೆ ಪುಸ್ತಕ ಇಟ್ಟು ಪೂಜೆ ಮಾಡ್ತಿದ್ವಿ." ಆಮೇಲೆ ಇನ್ನೂ ಹತ್ತಿರ ಹೋಗಿ, "ಕಮಲದ ಮೇಲೆ ಕೂತಿಲ್ಲ ಕಣೇ, ಬಂಡೆ ಮೇಲೆ ಕೂತಿದಾಳೆ!" ಇಷ್ಟು ವರ್ಷ ನೋಡಿದ ಚಿತ್ರದಲ್ಲಿ ನಾನು ಅದನ್ನು ಗಮನಿಸಿರಲೇ ಇಲ್ಲ. ಅಮ್ಮ ಹೊಸದೊಂದನ್ನು ಕಂಡುಕೊಂಡಿದ್ದರು.

ಅಷ್ಟರಲ್ಲಿ ಕಾವಲಿನವರು ಬಂದು "ಮುಂದೆ ನಡೀರಿ" ಅಂದರು. ಕುರ್ಚಿ ಕೇಳಿದೆ. ಕೊಡಲಿಲ್ಲ. ಅಮ್ಮನ ಮೊಣಕೈ ಹಿಡಿದು ಎಳೆದರು ಸ್ವಾಮಿ! ಮರುದಿನ ಅಮ್ಮನಿಗೆ ಆ ಘಟನೆ ನೆನಪಿರಲಿಲ್ಲ. ಹೆದರಿಕೆ ಮಾತ್ರ ಉಳಿದಿತ್ತು. ವಾರವಿಡೀ ಹೊಸ್ತಿಲು ದಾಟಲಿಲ್ಲ. ಈ ಕಾಯಿಲೆಯಲ್ಲಿ ಹಾಗೇ, ನಡೆದದ್ದು ಮರೆತರೂ ಅದರ ನೋವು ಉಳಿಯುತ್ತದೆ. ಸಂತೋಷವೂ ಉಳಿಯುತ್ತದೆ. ಅದಕ್ಕೇ ಕೇಳುತ್ತಿರುವುದು.

ಇದು ನಾನು ಕಟ್ಟಿದ ಕನಸಲ್ಲ. ನ್ಯೂಯಾರ್ಕಿನ ಮಾಡರ್ನ್ ಆರ್ಟ್ ಮ್ಯೂಸಿಯಂ 2006ರಲ್ಲೇ ಇಂಥ ಹಿರಿಯರಿಗೆ ರಜೆ ದಿನ ಬಾಗಿಲು ತೆರೆಯಿತು. ಆರೆಂಟು ಹಿರಿಯರು, ಜೊತೆಗೆ ಮನೆಯವರು, ಮಾತಾಡಿಸಲು ಒಬ್ಬರು. ಮೂರು ನಾಲ್ಕು ಚಿತ್ರ ಸಾಕು, ಒಂದೊಂದಕ್ಕೂ ಇಪ್ಪತ್ತು ನಿಮಿಷ. "ನೆನಪಿದೆಯಾ?" ಅಂತ ಕೇಳಬಾರದು. ಅದು ಪರೀಕ್ಷೆಯಾಗುತ್ತದೆ, ಅವರು ಬಾಯಿ ಮುಚ್ಚಿಬಿಡುತ್ತಾರೆ. "ಏನು ಕಾಣ್ತಿದೆ?" ಅಂತ ಕೇಳಿ ಕಾಯಬೇಕು. ಹೇಳಿದ್ದನ್ನು ತಿದ್ದದೆ, ಅವರ ಮಾತನ್ನೇ ಮತ್ತೆ ಹೇಳಿ ಮುಂದುವರಿಸಬೇಕು. ಸೆರಗು ತಿರುಚತೊಡಗಿದರೆ, ಬಾಗಿಲ ಕಡೆ ನೋಡತೊಡಗಿದರೆ ದಣಿದಿದ್ದಾರೆ ಅಂತ ಅರ್ಥ. ಆಗ ನಿಲ್ಲಿಸಬೇಕು. ಗಾಜಿನ ಮೇಲೆ ದೀಪ ಬೀಳಬಾರದು. ಅದರಲ್ಲಿ ತಮ್ಮದೇ ಮುಖ ಕಂಡರೂ ಕೆಲವರು ಯಾರೋ ಬಂದರು ಅಂತ ಬೆಚ್ಚುತ್ತಾರೆ.

ಇದರಿಂದ ಕಾಯಿಲೆ ವಾಸಿಯಾಗಲ್ಲ. ಹೋದ ನೆನಪು ಬರಲ್ಲ. ನನಗೆ ಗೊತ್ತು.

ಅಂಗವಿಕಲರ ಹಕ್ಕುಗಳ ಕಾಯ್ದೆ 2016 ಕಲೆ, ಸಂಸ್ಕೃತಿಯಲ್ಲಿ ಭಾಗವಹಿಸುವ ಹಕ್ಕಿನ ಬಗ್ಗೆ ಏನು ಹೇಳುತ್ತದೆ ಅಂತ ನಿಮಗೆ ನಾನು ಹೇಳಬೇಕಾ? ಬೆನ್ನೊರಗುವ ಹದಿನೈದು ಕುರ್ಚಿ, ತರಬೇತಿ ಪಡೆದ ಒಬ್ಬರು, ಒಂದು ಸೋಮವಾರ. ಇದಕ್ಕೆ ಇನ್ನೆಷ್ಟು ಪತ್ರ ಬರೆಯಬೇಕು? ಅಮ್ಮನಿಗೆ ಅಷ್ಟು ಸಮಯ ಇಲ್ಲ.

ಬರುವ ತಿಂಗಳ ಮೊದಲ ಸೋಮವಾರ ಕೊಡಿಸಿ. ಬೆಳಿಗ್ಗೆ ಹತ್ತೂವರೆಗೆ ಅಮ್ಮನನ್ನು ಕರೆದುಕೊಂಡು ಬಾಗಿಲ ಹತ್ತಿರ ಕಾಯುತ್ತಿರುತ್ತೇನೆ.

ಇಂತಿ,
ನಿಮ್ಮ ಕ್ಷೇತ್ರದ ಮತದಾರಳು