ಸಾಮಾನು ಬಾರದಿದ್ದರೆ ಬ್ಯಾಂಕಿಗೆ ಬರೆಯಬೇಕಾದ ದೂರು ಯಾವುದು?

ಮಾನ್ಯ ಸಂಪಾದಕರೇ,

ಆನ್‌ಲೈನ್‌ನಲ್ಲಿ ಕಾರ್ಡಿನಿಂದ ಹಣ ಕಟ್ಟಿ ಸಾಮಾನು ಕೈಸೇರದಿದ್ದಾಗ ನಮ್ಮ ಊರಿನವರು ಬ್ಯಾಂಕಿಗೆ ಮೊದಲು ಹೇಳುವುದು ‘ವಂಚನೆಯಾಗಿದೆ’ ಎಂದು. ದೂರು ಕೆಡುವುದು ಅಲ್ಲಿಯೇ. ಬೇರೆ ಯಾರೋ ಕಾರ್ಡ್ ಬಳಸಿದ್ದಾರೆಂದು ಕಾರ್ಡ್ ವಿಭಾಗ ಅದನ್ನು ದಾಖಲಿಸಿಕೊಳ್ಳುತ್ತದೆ, ಒಟಿಪಿ ಹಾಕಿದವರು ಗ್ರಾಹಕರೇ ಎಂದು ಕಂಡು ಕಡತ ಮುಚ್ಚುತ್ತದೆ. ಕೇಳಬೇಕಾದದ್ದು ‘ಸಾಮಾನು ತಲುಪಿಲ್ಲ’ ಎಂಬ ಕಾರಣದ ಚಾರ್ಜ್‌ಬ್ಯಾಕ್, ಅಂದರೆ ಕಟ್ಟಿದ ಹಣವನ್ನು ಬ್ಯಾಂಕಿನ ಮೂಲಕ ಮಾರಾಟಗಾರನಿಂದ ಹಿಂದಕ್ಕೆ ಪಡೆಯುವುದು. ಹಣ ನಾನೇ ಕಟ್ಟಿದ್ದೇನೆ, ಮಾರಿದವನು ಕೊಡಬೇಕಾದದ್ದನ್ನು ಕೊಟ್ಟಿಲ್ಲ ಎಂಬುದು ಅದರ ತಿರುಳು.

ಮಂಡಿಪೇಟೆಯ ಬಳಿ ಹೊಲಿಗೆ ಅಂಗಡಿ ಇಟ್ಟಿರುವ ನಮ್ಮ ಪರಿಚಯದ ಮಹಿಳೆಯೊಬ್ಬರು ಜೂನ್ 2ರಂದು ಕ್ರೆಡಿಟ್ ಕಾರ್ಡಿನಲ್ಲಿ 18,500 ರೂಪಾಯಿ ಕಟ್ಟಿ ಓವರ್‌ಲಾಕ್ ಯಂತ್ರ ತರಿಸಿದರು. ಜೂನ್ 12ರೊಳಗೆ ತಲುಪುತ್ತದೆ ಎಂದು ಆರ್ಡರ್ ಇಮೇಲ್‌ನಲ್ಲಿತ್ತು. ಆಮೇಲೆ ಮಾರಾಟಗಾರನದು ‘ಮುಂದಿನ ವಾರ’ ಎಂಬ ಒಂದೇ ಹಾಡು. ವಂಚನೆ ಎಂದು ಕೊಟ್ಟ ಮೊದಲ ದೂರು ನಾನು ಹೇಳಿದ ಹಾಗೆಯೇ ಮುಚ್ಚಿಹೋಯಿತು. ಶಾಖೆಗೆ ಹೋದರೆ, ಕಾರ್ಡಿನ ವಿಚಾರ ನಮ್ಮದಲ್ಲ, ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಎಂಬ ಉತ್ತರ.

ಗಡುವಿನ ಲೆಕ್ಕ ಹೀಗಿದೆ. ವೀಸಾ, ಮಾಸ್ಟರ್‌ಕಾರ್ಡ್ ಎರಡರಲ್ಲೂ ಇಂಥ ದೂರಿಗೆ 120 ದಿನಗಳ ಅವಕಾಶವಿದೆ. ಅದನ್ನು ಎಣಿಸುವುದು ಸಾಮಾನು ತಲುಪಬೇಕಿದ್ದ ದಿನದಿಂದ, ಹಣ ಕಟ್ಟಿದ ದಿನದಿಂದಲ್ಲ. ಹಾಗಾಗಿ ಇವರ ಗಡುವು ಸೆಪ್ಟೆಂಬರ್ ಕೊನೆಗೆ ಮುಗಿಯದೆ ಅಕ್ಟೋಬರ್ 10ರವರೆಗೆ ಇತ್ತು. ಆದರೆ ಅಷ್ಟು ಕಾಯುವುದು ಬೇಡ. ಅನೇಕ ಬ್ಯಾಂಕುಗಳು ಗ್ರಾಹಕರಿಗೆ ಇದಕ್ಕಿಂತ ಕಡಿಮೆ ಅವಧಿ ಹೇಳುತ್ತವೆ, ಮಾರಾಟಗಾರ ವಾರ ವಾರ ಮುಂದೂಡುವುದೂ ಗಡುವು ಕಳೆಯಲಿ ಎಂದೇ. ತಲುಪುವ ದಿನಾಂಕವನ್ನೇ ಹೇಳದಿದ್ದರೆ, ಕಾರ್ಡ್ ಯಾವುದೆಂಬುದನ್ನು ನೋಡಿಕೊಂಡು ಹಣ ಕಟ್ಟಿದ ಮೇಲೆ 15 ಅಥವಾ 30 ದಿನ ಕಾದು ದೂರು ಕೊಡಬಹುದು.

ಎರಡನೆಯ ಬಾರಿ ಅವರು ಡಿಸ್ಪ್ಯೂಟ್ ಫಾರಂನಲ್ಲಿ ‘ಸಾಮಾನು ತಲುಪಿಲ್ಲ’ ಎಂಬ ಕಾಲಂಗೆ ಗುರುತು ಹಾಕಿದರು. ತಲುಪುವ ದಿನಾಂಕವಿರುವ ಆರ್ಡರ್ ಇಮೇಲ್, ಹಣ ಕಡಿತವಾದ ಸ್ಟೇಟ್‌ಮೆಂಟ್ ಪುಟ, ಮಾರಾಟಗಾರನೊಂದಿಗಿನ ಪತ್ರವ್ಯವಹಾರ ಇಷ್ಟನ್ನು ಜೊತೆಗಿಟ್ಟರು. ಮೂರನೆಯದು ಮುಖ್ಯ. ಮೊದಲು ಮಾರಾಟಗಾರನನ್ನೇ ಕೇಳಿ ನೋಡಿದ್ದೇವೆಂದು ತೋರಿಸಬೇಕು, ಫೋನಿನಲ್ಲಿ ಬೈದದ್ದು ಲೆಕ್ಕಕ್ಕೆ ಬರುವುದಿಲ್ಲ. ‘ಸಾಮಾನು ಬಂದಿಲ್ಲ, ಹಣ ಹಿಂದಿರುಗಿಸಿ’ ಎಂದು ದಿನಾಂಕ ಸಹಿತ ಬರೆದ ಒಂದೇ ಇಮೇಲ್ ಸಾಕು.

ಬ್ಯಾಂಕ್ ತಾತ್ಕಾಲಿಕವಾಗಿ ಹಣ ಜಮಾ ಮಾಡಿತು. ಇದನ್ನು ಗೆಲುವೆಂದು ತಿಳಿಯಬಾರದು, ಮಾರಾಟಗಾರನ ಉತ್ತರ ಬರಲು ಒಂದು, ಒಂದೂವರೆ ತಿಂಗಳು ಹಿಡಿಯುತ್ತದೆ, ಅದು ಒಪ್ಪಿತವಾದರೆ ಜಮಾ ವಾಪಸ್ ಹೋಗುತ್ತದೆ. ಜಮಾ ಆಗದಿದ್ದಲ್ಲಿ, ಆ ಮೊತ್ತವನ್ನು ತಡೆಹಿಡಿದಿದ್ದೇವೆ ಎಂದು ಬ್ಯಾಂಕ್ ಬರೆದು ಕೊಡುವವರೆಗೆ ಬಿಲ್ ಕಟ್ಟುವುದನ್ನು ನಿಲ್ಲಿಸಬಾರದು. ನಿಲ್ಲಿಸಿದರೆ ಬಡ್ಡಿ, ದಂಡ ಬೇರೆ.

ಇವರ ವಿಷಯದಲ್ಲಿ ಮಾರಾಟಗಾರ ‘ಡೆಲಿವರಿ ಆಗಿದೆ’ ಎಂದು ಕೊರಿಯರ್ ರಸೀದಿಯನ್ನೇ ಮುಂದಿಟ್ಟ. ಬ್ಯಾಂಕಿನಿಂದ ಅದರ ಪ್ರತಿ ಕೇಳಿ ಪಡೆದದ್ದು ಒಳ್ಳೆಯದಾಯಿತು. ಪಾರ್ಸೆಲ್ ಹೋದದ್ದು 577501ಕ್ಕೆ, ಅಂದರೆ ಚಿತ್ರದುರ್ಗಕ್ಕೆ. ಇವರ ವಿಳಾಸ ದಾವಣಗೆರೆಯದು. ತೂಕದ ಜಾಗದಲ್ಲಿ 350 ಗ್ರಾಂ ಎಂದಿತ್ತು! ಯಂತ್ರದ ಮೋಟಾರೊಂದೇ ಅದಕ್ಕಿಂತ ಭಾರ. ಸಹಿ ಯಾರದೋ. ಪಿನ್ ಕೋಡ್ ಮತ್ತು ತೂಕಕ್ಕೆ ಗುರುತು ಹಾಕಿ, ಆರ್ಡರ್‌ನಲ್ಲಿದ್ದ ವಿಳಾಸವನ್ನು ಪಕ್ಕದಲ್ಲಿಟ್ಟು, ಬ್ಯಾಂಕ್ ಕೊಟ್ಟ ಕೆಲವೇ ದಿನಗಳ ಗಡುವಿನೊಳಗೆ ಉತ್ತರ ಬರೆದರು. ಹಣ ಉಳಿಯಿತು. ಆ ರಸೀದಿಯನ್ನು ಕೇಳಿ ನೋಡದೆ ‘ಬಂದಿಲ್ಲ, ಬಂದಿಲ್ಲ’ ಎಂದಷ್ಟೇ ಬರೆದಿದ್ದರೆ ಸೋಲು ಖಚಿತವಿತ್ತು.

ಬ್ಯಾಂಕ್ 30 ದಿನಗಳಲ್ಲಿ ಉತ್ತರಿಸದಿದ್ದರೆ ಅಥವಾ ಉತ್ತರ ಸಮಾಧಾನ ತರದಿದ್ದರೆ cms.rbi.org.in ನಲ್ಲಿ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಅಲ್ಲಿ ವಿಚಾರಣೆಯಾಗುವುದು ಬ್ಯಾಂಕಿನ ನಡವಳಿಕೆ ಮಾತ್ರ. ಮಾರಾಟಗಾರನ ವಿರುದ್ಧವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಈ ಡಿಸ್ಪ್ಯೂಟ್ ಫಾರಂ ಸಾಮಾನ್ಯವಾಗಿ ಸಿಗುವುದು ಇಂಗ್ಲಿಷಿನಲ್ಲಿ, ಅದೂ ಬ್ಯಾಂಕಿನ ವೆಬ್‌ಸೈಟಿನ ಮೂಲೆಯಲ್ಲೆಲ್ಲೋ. ಕಾರ್ಡ್ ಮಾರುವಾಗ ಮನೆ ಬಾಗಿಲಿಗೆ ಬರುವ ಬ್ಯಾಂಕುಗಳು ದಾವಣಗೆರೆ, ಚಿತ್ರದುರ್ಗದ ತಮ್ಮ ಶಾಖೆಗಳಲ್ಲಿ ಅದರ ಕನ್ನಡ ಪ್ರತಿ ಇಡಲಿ, ಯಾವ ಕಾಲಂಗೆ ಗುರುತು ಹಾಕಬೇಕೆಂದು ಹೇಳಲು ಒಬ್ಬ ಸಿಬ್ಬಂದಿಯನ್ನು ನೇಮಿಸಲಿ. ಜಿಲ್ಲಾ ಲೀಡ್ ಬ್ಯಾಂಕ್ ತನ್ನ ಮುಂದಿನ ಸಭೆಯಲ್ಲಿ ಇದನ್ನು ಎತ್ತಿಕೊಳ್ಳಬೇಕೆಂದು ಕೋರುತ್ತೇನೆ.

– ನಿವೃತ್ತ ಬ್ಯಾಂಕ್ ನೌಕರ, ಎಂ.ಸಿ.ಸಿ. ‘ಬಿ’ ಬ್ಲಾಕ್, ದಾವಣಗೆರೆ