ಡ್ರಿಪ್ ಹಾಕಲಿಲ್ಲ ಅಂತ ಬರೆದೆಯಲ್ಲ

ಚಿ. ಸೌ. ರಮ್ಯಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಪಾಪುವಿನ ವಾಂತಿ ಬೇಧಿಯ ಬಗ್ಗೆ ನೀನು ರಾತ್ರಿ ಎರಡು ಗಂಟೆಗೆ ಕೂತು ಬರೆದಿದ್ದನ್ನು ಬೆಳಿಗ್ಗೆ ಕಾಫಿಗೂ ಮುಂಚೆ ಓದಿದೆ. ಆಮೇಲೆ ಫೋನ್ ಮಾಡಿದಾಗ ಹಿಂದೆ ಪಾಪು ಕಿರುಚುತ್ತಿದ್ದುದು ಕೇಳಿ ಜೀವ ಬಂತು. ಆದರೂ ಆ ಒಂದು ಸಾಲು ತಲೆಯಿಂದ ಹೋಗುತ್ತಿಲ್ಲ. "ಡ್ರಿಪ್ ಕೂಡ ಹಾಕದೆ ಕಳಿಸಿಬಿಟ್ಟರು ದೊಡ್ಡಮ್ಮ, ಬೇರೆ ಆಸ್ಪತ್ರೆಗೆ ಓಡಬೇಕಿತ್ತು, ನಾನೇ ಸುಮ್ನೆ ಕೂತೆ." ಫೋನಿನಲ್ಲಿ ಇದನ್ನು ಎತ್ತಲಿಲ್ಲ. ನಿಮ್ಮ ಅತ್ತೆ ಪಕ್ಕದಲ್ಲೇ ಇದ್ದರು.

ನಮ್ಮ ಸೀನನ ವಿಷಯ ನಿನಗೆ ಗೊತ್ತೇ ಇದೆ, ಮತ್ತೆ ಬರೆಯುವುದಿಲ್ಲ. ಆ ಹೆದರಿಕೆ ನಮ್ಮ ಮನೆಯ ಹೆಂಗಸರಿಗೆಲ್ಲ ಇದೆ, ನಿನಗೂ ಬಂದಿದೆ.

ಈಗ ಆ ಡಾಕ್ಟರ್ ಏನು ಮಾಡಿದರು ಅಂತ ನೀನು ಬರೆದದ್ದನ್ನೇ ಮತ್ತೆ ಓದುತ್ತೇನೆ. ಹನ್ನೊಂದು ಸಲ ಬೇಧಿ, ನಾಲ್ಕು ಸಲ ವಾಂತಿ. ತೂಕ ನೋಡಿದರು, ಎಂಟು ಕೆಜಿ. ಕಣ್ಣು ಗುಳಿ ಬಿದ್ದಿದೆಯಾ, ಯಾವಾಗಲೂ ಹೀಗೇನಾ ಅಂತ ನಿನ್ನನ್ನೇ ಕೇಳಿದರು. ಹೊಕ್ಕುಳಿಗೂ ಪಕ್ಕೆಗೂ ನಡುವಿನ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಬಿಟ್ಟರು. ಆಮೇಲೆ ಚಮಚದಲ್ಲಿ ಓಆರ್‌ಎಸ್ ಹಿಡಿದರು, ಪಾಪು ಚಮಚವನ್ನೇ ಕಿತ್ತುಕೊಳ್ಳಲು ಬಂದ. "ಅಷ್ಟೇ ಪರೀಕ್ಷೆ, ರಕ್ತ ಕೂಡ ತೆಗೆಯಲಿಲ್ಲ" ಅಂತ ಬರೆದಿದ್ದೀಯ. ಪರೀಕ್ಷೆ ಅಂದರೆ ಅದೇ ಕಣೆ. ಮಗು ಎಚ್ಚರವಾಗಿ ಹೇಗಿದೆ, ಕಣ್ಣು, ಬಾಯಾರಿಕೆ, ಚರ್ಮ. ಈ ನಾಲ್ಕರಲ್ಲೇ ಎಲ್ಲ ಗೊತ್ತಾಗುತ್ತದೆ.

ಪಾಪು ಕಿರಿಕಿರಿ ಮಾಡುತ್ತಿದ್ದ, ಕಣ್ಣು ಒಳಗೆ ಹೋಗಿತ್ತು, ಆತುರದಿಂದ ಕುಡಿದ, ಚರ್ಮ ಸ್ವಲ್ಪ ತಡವಾಗಿ ಕೂತಿತು. ಅಂದರೆ ನೀರು ಕಮ್ಮಿಯಾಗಿತ್ತು ನಿಜ, ಆದರೆ ಬಾಯಲ್ಲೇ ತುಂಬಬಹುದಾದಷ್ಟು ಮಾತ್ರ. ಅಂಥ ಮಗುವಿಗೆ ಕೆಜಿಗೆ 75 ಎಂಎಲ್ ಲೆಕ್ಕದಲ್ಲಿ ನಾಲ್ಕು ಗಂಟೆಯಲ್ಲಿ ಕುಡಿಸುವುದು. ಎಂಟು ಕೆಜಿಗೆ 600 ಎಂಎಲ್. ಗಂಟೆಗೆ 150. ಟೀ ಚಮಚ ಐದು ಎಂಎಲ್ ಅಂದುಕೋ, ಎರಡು ನಿಮಿಷಕ್ಕೊಂದು ಚಮಚ ಬಂತು. ನೀನು "ನಾಲ್ಕು ಗಂಟೆ ಬೆಂಚಿನ ಮೇಲೆ ಕೂರಿಸಿ ಚಮಚದಲ್ಲಿ ಕುಡಿಸಿ ಅಂದು ಹೋಗಿಬಿಟ್ಟರು" ಅಂತ ಬೇಜಾರು ಮಾಡಿಕೊಂಡೆಯಲ್ಲ, ಆ ನಾಲ್ಕು ಗಂಟೆಯೇ ಚಿಕಿತ್ಸೆ. ಮುಗಿದ ಮೇಲೆ ಬಂದು ಮತ್ತೆ ಹೊಟ್ಟೆಯ ಚರ್ಮ ಎತ್ತಿ ನೋಡಿದರು ಅಂತಲೂ ಬರೆದಿದ್ದೀಯ. ಅಂದಮೇಲೆ ಮರೆತು ಹೋದವರಲ್ಲ. ಇಷ್ಟನ್ನು ನಿನಗೆ ಯಾರೂ ಬಿಡಿಸಿ ಹೇಳಲಿಲ್ಲ, ಅದು ಅವರ ತಪ್ಪು. ನಾನು ನರ್ಸ್ ಡ್ಯೂಟಿಯಲ್ಲಿದ್ದಾಗಲೂ ಹೇಳುತ್ತಿರಲಿಲ್ಲ. ಹೊತ್ತೆಲ್ಲಿ ಇರುತ್ತಿತ್ತು.

ಡ್ರಿಪ್ ಅಂದರೆ ದೊಡ್ಡ ಚಿಕಿತ್ಸೆ, ಓಆರ್‌ಎಸ್ ಅಂದರೆ ಬಡವರ ಚಿಕಿತ್ಸೆ ಅಂತ ನಿನ್ನ ಮನಸ್ಸಿನಲ್ಲಿದೆ. ನನ್ನ ಮನಸ್ಸಿನಲ್ಲೂ ಇತ್ತು. ಟ್ರೈನಿಂಗಿನಲ್ಲಿ ನಮ್ಮ ಟ್ಯೂಟರ್ ಒಬ್ಬರು 1971ರ ಕಥೆ ಹೇಳುತ್ತಿದ್ದರು. ಬಾಂಗ್ಲಾ ಯುದ್ಧದ ಹೊತ್ತಿಗೆ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ. ಸಲೈನ್ ಬಾಟಲಿಗಳು ಸಾಲದೆ ಬಂದವು. ದಿಲೀಪ್ ಮಹಾಲನಾಬಿಸ್ ಎಂಬ ಮಕ್ಕಳ ಡಾಕ್ಟರು ಉಪ್ಪು, ಗ್ಲೂಕೋಸ್, ಸೋಡಾ ಕಲಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿಟ್ಟರು. ರೋಗಿಗಳ ಮನೆಯವರೇ ಅದನ್ನು ಹಿಡಿದು ತಂದು ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗೆ ಇಳಿಯಿತು. ನಾವು ಬರೆದುಕೊಂಡು ಪರೀಕ್ಷೆಯಲ್ಲಿ ಮಾರ್ಕ್ಸ್ ತಗೊಂಡೆವು. ನಂಬಿದ್ದು ಎಷ್ಟೋ ವರ್ಷ ಆದಮೇಲೆ.

"ಕೊಟ್ಟಷ್ಟೂ ಹೊರಗೆ ಹೋಗುತ್ತಿತ್ತು" ಅಂತ ಬರೆದಿದ್ದೀಯ. ನಿನ್ನ ಹೆದರಿಕೆಯ ಬೇರು ಅಲ್ಲೇ ಇದೆ ಅನ್ನಿಸುತ್ತದೆ. ಓಆರ್‌ಎಸ್ ಬೇಧಿ ನಿಲ್ಲಿಸುವ ಔಷಧಿ ಅಲ್ಲ. ಬೇಧಿ ತನ್ನ ಪಾಡಿಗೆ ಕೆಲವು ದಿನ ಹೋಗುತ್ತದೆ. ಕರುಳು ಎಷ್ಟೇ ಕೆಟ್ಟಿರಲಿ, ಗ್ಲೂಕೋಸ್ ಜೊತೆಗೆ ಉಪ್ಪನ್ನು ಒಳಗೆ ಎಳೆದುಕೊಳ್ಳುವ ಒಂದು ದಾರಿ ಮಾತ್ರ ಸಾಮಾನ್ಯವಾಗಿ ಉಳಿದಿರುತ್ತದೆ. ಉಪ್ಪಿನ ಹಿಂದೆ ನೀರು ಹೋಗುತ್ತದೆ. ಅದಕ್ಕೇ ಅಳತೆ ಮುಖ್ಯ. ಸಕ್ಕರೆ ಜಾಸ್ತಿಯಾದರೆ ಉಲ್ಟಾ, ಕರುಳೊಳಗೇ ನೀರು ಬಂದು ಬೇಧಿ ಹೆಚ್ಚುತ್ತದೆ. ಅಂಗಡಿಯ ಸಿಹಿ ಪೊಟ್ಟಣದ ಪಾನೀಯ, ಜ್ಯೂಸು ಕೊಡಬೇಡ ಅನ್ನುವುದು ಅದಕ್ಕೆ.

ಇಲ್ಲೊಂದು ಕೇಳಲೇಬೇಕು, ಬೇಜಾರಾಗಬೇಡ. ದೊಡ್ಡ ಪ್ಯಾಕೆಟ್ಟನ್ನು ಒಂದು ಲೋಟಕ್ಕೆ ಹಾಕಲಿಲ್ಲ ತಾನೇ? ಸುಮಾರು 21 ಗ್ರಾಂ ಇರುವುದು ಒಂದು ಲೀಟರಿಗೆ, ನಾಲ್ಕು ಗ್ರಾಮಿನ ಚಿಕ್ಕದು 200 ಎಂಎಲ್‌ಗೆ. ಪ್ಯಾಕೆಟ್ ಮೇಲೆ ಬರೆದಿರುತ್ತದೆ, ಆದರೆ ರಾತ್ರಿ ಹೊತ್ತು ಯಾರು ಓದುತ್ತಾರೆ. ನಮ್ಮ ವಾರ್ಡಿಗೆ ಒಬ್ಬಳು ತಾಯಿ ಲೀಟರಿನ ಪ್ಯಾಕೆಟ್ಟಿನಿಂದ ಒಂದೊಂದೇ ಚಮಚ ಪುಡಿ ತೆಗೆದು ಅರ್ಧ ಲೋಟಕ್ಕೆ ಕಲಸಿ ಕೊಟ್ಟುಕೊಂಡು ಬಂದಿದ್ದಳು, ಉಳಿತಾಯಕ್ಕೆ ಅಂತ. ಮಗುವಿಗೆ ಉಪ್ಪು ಏರಿ ಫಿಟ್ಸ್ ಬಂತು. ಇಡೀ ಪ್ಯಾಕೆಟ್ ಒಂದೇ ಸಲ ಕಲಸು, ಇಪ್ಪತ್ನಾಲ್ಕು ಗಂಟೆ ಆದಮೇಲೆ ಉಳಿದದ್ದನ್ನು ಚೆಲ್ಲು. ರುಚಿ ಕಣ್ಣೀರಿನಷ್ಟು ಉಪ್ಪಿರಬೇಕು, ಅದಕ್ಕಿಂತ ಹೆಚ್ಚಲ್ಲ.

ಮತ್ತೆ ಡ್ರಿಪ್ಪಿಗೆ ಬರುತ್ತೇನೆ.

ಡ್ರಿಪ್ ಬೇಕಾಗುವ ಮಗುವನ್ನು ನಾನು ನೋಡಿದ್ದೇನೆ, ನೋಡಬೇಕಾದ ಹೊತ್ತಿಗೆ ನೋಡಲಿಲ್ಲ. ಇದನ್ನು ನಿಮ್ಮಮ್ಮನಿಗೂ ಹೇಳಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ನೈಟ್ ಡ್ಯೂಟಿ. ಏಳು ಕೆಜಿಯ ಮಗು, ಜೋರಾಗಿ ಅಳುತ್ತಿತ್ತು, ಒಳಲೆ ಕಂಡರೆ ಬಾಯಿ ತೆರೆಯುತ್ತಿತ್ತು. ಓಆರ್‌ಎಸ್ ಕಲಸಿ ತಾಯಿ ಕೈಗೆ ಕೊಟ್ಟು ನಾನು ಹೆರಿಗೆ ಕೋಣೆಗೆ ಹೋದೆ. ಎರಡು ಗಂಟೆ ಆದಮೇಲೆ ಬಾಗಿಲಿಂದಲೇ ಕೇಳಿದೆ, ಹೇಗಿದೆ ಅಂತ. "ಈಗ ಸುಮ್ನಾಗಿದೆ ಸಿಸ್ಟರ್, ನಿದ್ದೆ ಹತ್ತಿತು" ಅಂದಳು. ನನಗೂ ನಿರಾಳವಾಯಿತು. ಒಳಗೆ ಬಂದು ಮುಟ್ಟಿ ನೋಡಲಿಲ್ಲ.

ನಾಲ್ಕು ಗಂಟೆಗೆ ಹೋದಾಗ ಮಗುವಿನ ಕಣ್ಣು ಅರ್ಧ ತೆರೆದಿತ್ತು. ಒಳಲೆಯಲ್ಲಿ ಹಾಕಿದ್ದು ಕಟವಾಯಿಂದ ಇಳಿದು ಕಿವಿಯ ಹತ್ತಿರ ಒಣಗಿತ್ತು. ಕೈ ಮೊಣಕೈವರೆಗೂ ತಣ್ಣಗೆ. ಹೊಟ್ಟೆಯ ಚರ್ಮ ಎತ್ತಿ ಬಿಟ್ಟೆ. ಒಂದು, ಎರಡು, ಮೂರು ಅಂತ ಎಣಿಸಿದರೂ ಮಡಿಕೆ ಹಾಗೇ ನಿಂತಿತ್ತು. ಅದು ನಿದ್ದೆ ಅಲ್ಲ.

ಡಾಕ್ಟರು ಬಂದರು. ನಾಳ ಸಿಗಲಿಲ್ಲ, ನೀರು ಕಮ್ಮಿಯಾದ ಮಗುವಿನ ನಾಳ ಬತ್ತಿ ಹೋಗಿರುತ್ತದೆ. ಚುಚ್ಚುತ್ತಾ ಕೂರದೆ ಮೂಗಿನಿಂದ ಹೊಟ್ಟೆಗೆ ನಳಿಕೆ ಇಳಿಸಿ ಓಆರ್‌ಎಸ್ ಬಿಟ್ಟರು. ಕೆಜಿಗೆ ಗಂಟೆಗೆ 20 ಎಂಎಲ್, ಅಂದರೆ 140. ಆಮೇಲೆ ತಲೆಯಲ್ಲಿ ಒಂದು ನಾಳ ಸಿಕ್ಕಿತು. ಬೆಳಿಗ್ಗೆ ಹತ್ತಕ್ಕೆ ಮಗು ಅಳಲು ಶುರು ಮಾಡಿತು. ಉಳಿಯಿತು. ಆದರೆ ಅಳು ನಿಂತಿತಲ್ಲ ಅಂತ ನಾನು ಸಮಾಧಾನಪಟ್ಟುಕೊಂಡಿದ್ದು ಇದೆಯಲ್ಲ, ಅದು ಮಾತ್ರ ಇವತ್ತಿಗೂ ಚುಚ್ಚುತ್ತದೆ.

ಆದ್ದರಿಂದ ನಿನ್ನ ಪಾಪು ಚಮಚ ಕಿತ್ತುಕೊಂಡ ಅಂತ ಓದಿದಾಗ ನಾನು ಹೆದರಲಿಲ್ಲ. ಬಾಯಾರಿ ಕುಡಿಯುತ್ತಿದ್ದವನು ಕುಡಿಯುವುದನ್ನು ಬಿಟ್ಟರೆ, ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ, ಆಗ ಹೆದರು. ಇದರ ಜೊತೆ ಕಣ್ಣು ಗುಳಿ, ನಿಧಾನ ಚರ್ಮ ಇದ್ದರಂತೂ ಡ್ರಿಪ್ಪೇ. ಒಂದೇ ಸಮ ವಾಂತಿಯಾಗಿ ಚಮಚವೂ ಉಳಿಯದಿದ್ದರೆ, ಹೊಟ್ಟೆ ಉಬ್ಬಿ ಬಿಗಿಯಾದರೆ, ಹೋಗುವುದು ಕುಡಿಸುವುದಕ್ಕಿಂತ ಜಾಸ್ತಿಯಾದರೆ ಆಗಲೂ ಆಸ್ಪತ್ರೆಗೆ ಓಡು. ಬರೀ ಒಂದೆರಡು ವಾಂತಿಗೆ ಡ್ರಿಪ್ ಬೇಡ. ಹತ್ತು ನಿಮಿಷ ಬಿಟ್ಟು ಮತ್ತೆ ನಿಧಾನವಾಗಿ ಚಮಚ ಹಿಡಿ. ಲೋಟ ಎತ್ತಿ ಗಟಗಟ ಕುಡಿಸಿದರೆ ಯಾವ ಮಗುವಾದರೂ ಕಕ್ಕುತ್ತದೆ.

ನಿಮ್ಮ ಅತ್ತೆ ನೆತ್ತಿ ಕುಸಿದಿದೆ ಅಂತ ಎಣ್ಣೆ ಒತ್ತಿದರಂತೆ. ಒತ್ತಲಿ ಬಿಡು, ಜಗಳ ಬೇಡ. ಅವರ ಕಣ್ಣಿಗೆ ಬಿದ್ದದ್ದು ಸರಿಯೇ, ನೀರು ಕಮ್ಮಿಯಾದರೆ ನೆತ್ತಿ ಇಳಿಯುತ್ತದೆ. ಎಣ್ಣೆಯಿಂದ ಮಾತ್ರ ಮೇಲೆ ಬರುವುದಿಲ್ಲ. ಪಾಪು ಗುಂಡಗಿದ್ದಾನಲ್ಲ, ಚರ್ಮವನ್ನೂ ಪೂರ್ತಿ ನಂಬಬೇಡ. ಕೊಬ್ಬಿದ್ದರೆ ನೀರು ಹೋಗಿದ್ದರೂ ಚರ್ಮ ಬೇಗ ಕೂರುತ್ತದೆ, ತೀರಾ ಬಡಕಲು ಮಗುವಿಗೆ ಏನೂ ಆಗಿರದಿದ್ದರೂ ತಡವಾಗುತ್ತದೆ. ಡಯಾಪರ್ ಆರು ಗಂಟೆ ಒಣಗಿದ್ದರೆ ಅದು ಹೆಚ್ಚು ನಿಜ ಹೇಳುತ್ತದೆ, ಆದರೆ ನೀರು ನೀರು ಬೇಧಿಯಲ್ಲಿ ಒದ್ದೆ ಯಾವುದರದ್ದು ಅಂತ ಗೊತ್ತಾಗುವುದಿಲ್ಲ. ಬಟ್ಟೆ ಕಟ್ಟಿದರೆ ವಾಸಿ.

ಒಂದು ವೇಳೆ ಅವತ್ತು ಡ್ರಿಪ್ಪೇ ಹಾಕಿದ್ದರೆ? ಒಂದು ವರ್ಷದೊಳಗಿನ ಮಗುವಿಗೆ ಕೆಜಿಗೆ 100 ಎಂಎಲ್, ನಮ್ಮ ಪಾಪುವಿಗೆ 800. ಮೊದಲ ಗಂಟೆಯಲ್ಲಿ 240, ಉಳಿದ 560 ಐದು ಗಂಟೆಯಲ್ಲಿ. ಅದೂ ಎಲ್ಲರೂ "ಗ್ಲೂಕೋಸ್ ಹಾಕಿ" ಅನ್ನುತ್ತಾರಲ್ಲ, ಆ ಬಾಟಲಿ ಅಲ್ಲ. ಬರೀ ಗ್ಲೂಕೋಸ್ ನೀರಿನಲ್ಲಿ ಉಪ್ಪಿರುವುದಿಲ್ಲ. ಬೇಕಾದ್ದು ಆರ್‌ಎಲ್, ರಿಂಗರ್ ಲ್ಯಾಕ್ಟೇಟ್. ಮಗು ಕಣ್ಣು ಬಿಟ್ಟು ಕುಡಿಯಲು ಶುರು ಮಾಡಿದ ಕೂಡಲೇ ಡ್ರಿಪ್ ನಡೆಯುತ್ತಿರುವಾಗಲೇ ಬಾಯಲ್ಲೂ ಓಆರ್‌ಎಸ್. ರಿಟೈರ್ ಆದಮೇಲೆ ಸ್ವಲ್ಪ ದಿನ ಒಂದು ನರ್ಸಿಂಗ್ ಹೋಮಿನಲ್ಲಿದ್ದೆ. ಅಲ್ಲಿ ಬೇಧಿ ಅಂತ ಬಂದ ಎಲ್ಲ ಮಕ್ಕಳಿಗೂ ಬಾಟಲಿ. ನಗುತ್ತಾ ಬಂದ ಮಗುವೊಂದರ ಕೈ, ಸೂಜಿ ನಾಳದಿಂದ ಸರಿದು, ಬೆಳಗಾಗುವಷ್ಟರಲ್ಲಿ ಬನ್ನಿನ ಹಾಗೆ ಊದಿತ್ತು. ತಂದೆತಾಯಿ ಮಾತ್ರ ಡ್ರಿಪ್ ಹಾಕಿದರು ಅಂತ ಸಂತೋಷವಾಗಿದ್ದರು.

ಇನ್ನು ಮನೆಯಲ್ಲಿ ಏನು ಅಂತ ಕೇಳಿದ್ದೀಯ. ಡಾಕ್ಟರ್ ಹೇಳಿರುತ್ತಾರೆ, ನಾನು ಸುಮ್ನೆ ಹೇಳುತ್ತೇನೆ. ಪ್ರತಿ ಸಲ ಬೇಧಿಯಾದ ಮೇಲೆ 50ರಿಂದ 100 ಎಂಎಲ್, ಅರ್ಧ ಲೋಟದ ಲೆಕ್ಕ. ಎದೆಹಾಲು ನಿಲ್ಲಿಸಬೇಡ, ಮೆತ್ತಗಿನ ಅನ್ನ, ಮೊಸರು ಕೊಡು. ಜಿಂಕ್ 20 ಎಂಜಿ ದಿನಕ್ಕೊಂದು ಸಲ, ಹದಿನಾಲ್ಕು ದಿನ. ಬೇಧಿ ನಿಂತಿತು ಅಂತ ನಾಲ್ಕನೇ ದಿನಕ್ಕೆ ಬಿಟ್ಟುಬಿಡುತ್ತಾರೆ ಎಲ್ಲರೂ, ನೀನು ಬಿಡಬೇಡ. ಬೇಧಿ ಕಟ್ಟುವ ಮಾತ್ರೆ ಯಾರಾದರೂ ಕೊಟ್ಟರೆ ಇಸಕೊಂಡು ಪಕ್ಕಕ್ಕಿಡು. ರಕ್ತ ಕಂಡರೆ ತೋರಿಸು. ಇಷ್ಟೇ. ಜಾಸ್ತಿ ಬರೆದರೆ ಮತ್ತೆ ರಾತ್ರಿಯೆಲ್ಲ ಕೂತು ಓದುತ್ತೀಯ.

ರಾತ್ರಿ ಅವನು ಮಲಗಿದಾಗ ಒಂದು ಸಲ ಪಾದ ಮುಟ್ಟಿ ನೋಡು. ಬೆಚ್ಚಗಿದ್ದು, ಮೂಗು ಹಿಂಡಿದರೆ ಸಿಡುಕಿ ಮುಖ ತಿರುಗಿಸಿದರೆ ನೀನೂ ಮಲಗು.

ನಿಮ್ಮ ದೊಡ್ಡಪ್ಪ ಶನಿವಾರ ಆ ಕಡೆ ಬರುತ್ತಿದ್ದಾರೆ. ಅವರ ಕೈಲಿ ನನ್ನ ಬೆಳ್ಳಿ ಒಳಲೆ ಕಳಿಸುತ್ತೇನೆ. ಅಂಚಿನವರೆಗೆ ತುಂಬಿದರೆ ಹತ್ತು ಎಂಎಲ್ ಹಿಡಿಯುತ್ತದೆ ಅಂತ ನನ್ನ ನೆನಪು, ಆದರೂ ನೀನೊಮ್ಮೆ ಸಿರಿಂಜಿನಲ್ಲಿ ಅಳೆದುಕೋ.

ನಿನ್ನ
ದೊಡ್ಡಮ್ಮ